ಕೈಗುಣಕ್ಕೂ ಒಂದು ಅಳತೆಕೋಲು

"ನಾವು ಯಾವಾಗಲೂ ಹೋಗುವ ರೆಸ್ಟೋರೆಂಟ್‌ನಲ್ಲಿ ಮಶ್ರೂಮ್ ಸಾಸ್ ಹಾಕಿದ ಚಿಕನ್ ಒಂದಿನ ಸೂಪರ್, ಇನ್ನೊಂದಿನ ನೀರು ನೀರು. ಕುಕ್ ಬದಲಾದ್ರಾ?" ಅಂತ ಓದುಗರೊಬ್ಬರು ಕೇಳಿದ್ದಾರೆ. ಬದಲಾಗಿರಬಹುದು. ಆದರೆ ನಾನು ಕಂಡಂತೆ ಹೆಚ್ಚಿನ ಸಲ ಬದಲಾಗಿರುವುದು ಕುಕ್ ಅಲ್ಲ, ಪಾತ್ರೆ. ಟ್ರೈನಿ ಕುಕ್‌ಗಳಿಗೆ ಕಲಿಸುವುದು ನನ್ನ ಕೆಲಸ. ಮೊದಲ ತಿಂಗಳು ಅವರಿಗೆ ನಾನು ಹೇಳಿಕೊಡುವ ಮುಖ್ಯ ಪಾಠವೇ ಇದು, ಹಾಗಾಗಿ ಈ ಸಲ ಅದನ್ನೇ ಬರೀತೀನಿ.

ಆ ಮಶ್ರೂಮ್ ಸಾಸ್‌ನ ಮೂಲ ವೆಲೂತೆ. 19ನೇ ಶತಮಾನದಲ್ಲಿ ಫ್ರಾನ್ಸಿನ ಕರೆಮ್ ಸಾಸ್‌ಗಳನ್ನು ಕುಟುಂಬಗಳಾಗಿ ವಿಂಗಡಿಸಿದ. 1903ರಲ್ಲಿ ಎಸ್ಕಾಫಿಯೆ ತನ್ನ ಪುಸ್ತಕದಲ್ಲಿ ಆ ಪದ್ಧತಿಯನ್ನು ಇನ್ನಷ್ಟು ಸರಳ ಮಾಡಿದ. ಇವತ್ತು ತರಗತಿಗಳಲ್ಲಿ ಐದು 'ತಾಯಿ ಸಾಸ್' ಅಂತ ಕಲಿಸುತ್ತಾರೆ: ಬೆಷಮೆಲ್, ವೆಲೂತೆ, ಎಸ್ಪನ್ಯೋಲ್, ಟೊಮ್ಯಾಟೊ, ಹಾಲಂಡೇಸ್. ವೆಲೂತೆ ಅಂದರೆ ತಿಳಿ ಸ್ಟಾಕ್‌ಗೆ ಬೆಣ್ಣೆ, ಮೈದಾ ಹುರಿದ 'ರೂ' ಸೇರಿಸಿ ಕುದಿಸಿದ್ದು, ಅಷ್ಟೇ. ಅದಕ್ಕೆ ಕ್ರೀಮ್ ಹಾಕಿದರೆ ಸುಪ್ರೀಮ್ ಸಾಸ್, ಅದಕ್ಕೇ ಅಣಬೆ ಸೇರಿದರೆ ನಮ್ಮ ಓದುಗರ ತಟ್ಟೆಯಲ್ಲಿದ್ದದ್ದು. ತಾಯಿ ತೆಳುವಾದರೆ ಮಕ್ಕಳೆಲ್ಲ ತೆಳು. ತಾಯಿಯ ಬಲ ಬರುವುದು ಸ್ಟಾಕ್‌ನಿಂದ.

ಇತ್ತೀಚೆಗೆ ಒಂದು ಅಡುಗೆಮನೆಯಲ್ಲಿ ನಡೆದದ್ದನ್ನೇ ಉದಾಹರಣೆಯಾಗಿ ತಗೊಳ್ಳೋಣ. ಇಬ್ಬರು ಟ್ರೈನಿಗಳು, ಹಾಸನದ ಕಡೆಯ ಹುಡುಗ ಒಬ್ಬ, ಧಾರವಾಡದ ಹುಡುಗಿ ಒಬ್ಬಳು. ಇಬ್ಬರಿಗೂ ಒಂದೇ ಅಳತೆ: 8 ಕೆಜಿ ಕೋಳಿ ಮೂಳೆ, 12 ಲೀಟರ್ ತಣ್ಣೀರು, 4 ಗಂಟೆ. ಹುಡುಗನಿಗೆ ಸೋಸಿದ ಮೇಲೆ 9 ಲೀಟರ್ ಸ್ಟಾಕ್ ಸಿಕ್ಕಿತು. ಹುಡುಗಿಗೆ ಆರೂವರೆ. "ಅವನ ಕೈಗುಣ ಚೆನ್ನಾಗಿದೆ, ಇವಳು ಎಲ್ಲೋ ಚೆಲ್ಲಿದ್ದಾಳೆ" ಅಂತ ಮ್ಯಾನೇಜರ್ ತೀರ್ಪು ಕೊಟ್ಟೇಬಿಟ್ಟರು. ಅವಳದು ಇನ್ನೂ ಪ್ರೊಬೇಷನ್. ರಿಜಿಸ್ಟರ್‌ನಲ್ಲಿ ಎರಡೂವರೆ ಲೀಟರ್ ಕಡಿಮೆ ಅಂತ ಬಿದ್ದರೆ ಅದು ಬರೀ ನೀರಿನ ಲೆಕ್ಕ ಅಲ್ಲ, ಕೆಲಸದ ಲೆಕ್ಕ.

ಎರಡೂ ಪಾತ್ರೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ವಿಷಯ ಗೊತ್ತಾಯಿತು. ಅವನಿಗೆ ಸಿಕ್ಕಿದ್ದು ಎತ್ತರದ, ಕಿರಿದಾದ ಪಾತ್ರೆ. ಇವಳಿಗೆ ಸಿಕ್ಕಿದ್ದು ಬಿರಿಯಾನಿ ಮಾಡುವ ಅಗಲ ಬಾಯಿಯ ಪಾತ್ರೆ, ಅದೂ ಮೂಲೆಯ ದೊಡ್ಡ ಬರ್ನರ್ ಮೇಲೆ. ನೀರು ಆವಿಯಾಗುವುದು ಮೇಲ್ಮೈಯಿಂದ. ಬಾಯಿ ಅಗಲವಾದಷ್ಟೂ ಆವಿ ಜಾಸ್ತಿ. ಅವಳು ಒಂದು ಹನಿಯನ್ನೂ ಚೆಲ್ಲಿರಲಿಲ್ಲ.

ಇಲ್ಲಿ ಮುಖ್ಯವಾದ ಮಾತೊಂದಿದೆ. ಮೂಳೆಯಿಂದ ಹೊರಬರುವ ರುಚಿ ಮತ್ತು ಜೆಲಟಿನ್ ಎರಡೂ ಪಾತ್ರೆಗಳಲ್ಲಿ ಹೆಚ್ಚುಕಮ್ಮಿ ಒಂದೇ, ಯಾಕಂದ್ರೆ ಮೂಳೆಯೂ ಒಂದೇ, ಹೊತ್ತೂ ಒಂದೇ. ಅದು ಎಷ್ಟು ನೀರಿನಲ್ಲಿ ಹರಡಿಕೊಂಡಿದೆ ಅನ್ನುವುದು ಮಾತ್ರ ಬೇರೆ. ಹುಡುಗನ 9 ಲೀಟರ್ 'ಜಾಸ್ತಿ ಸ್ಟಾಕ್' ಅಲ್ಲ, ತೆಳು ಸ್ಟಾಕ್. ಹುಡುಗಿಯ ಆರೂವರೆ ಲೀಟರ್ ನಷ್ಟ ಅಲ್ಲ, ಗಟ್ಟಿ ಸ್ಟಾಕ್. ಇಬ್ಬರೂ ತಮ್ಮತಮ್ಮ ಸ್ಟಾಕ್‌ನಲ್ಲಿ ಒಂದೇ ರೆಸಿಪಿಯ ವೆಲೂತೆ ಮಾಡಿದ್ದರೆ ಒಂದು ದಿನ ಸೂಪರ್, ಒಂದು ದಿನ ನೀರು ನೀರು ಆಗುತ್ತಿತ್ತು.

ಪರಿಹಾರ ಸರಳ. ಕೊನೆಯಲ್ಲಿ ಎಷ್ಟು ಲೀಟರ್ ಇರಬೇಕು ಅಂತ ಮೊದಲೇ ನಿಗದಿ ಮಾಡಿ. ನಾವು ಇಟ್ಟುಕೊಂಡಿರುವುದು ಒಂದು ಕೆಜಿ ಮೂಳೆಗೆ ಒಂದು ಲೀಟರ್ ಸ್ಟಾಕ್. ಅಂದರೆ 8 ಕೆಜಿಗೆ 8 ಲೀಟರ್. ಸೋಸಿ, ಮೇಲಿನ ಕೊಬ್ಬು ತೆಗೆದು, ಆಮೇಲೆ ಅಳೆಯಬೇಕು. ಮೂಳೆ ಒಳಗಿರುವಾಗ ಅಳೆದರೆ ಅಳತೆ ಸುಳ್ಳು ಹೇಳುತ್ತೆ. ಒಂದು ನೇರ ಗೋಡೆಯ ಪಾತ್ರೆಗೆ ಒಂದೊಂದೇ ಲೀಟರ್ ನೀರು ಹಾಕುತ್ತಾ ಸ್ಟೀಲ್ ಸೌಟಿನ ಹಿಡಿಯ ಮೇಲೆ ಗೆರೆ ಕೊರೆದುಕೊಂಡರೆ ಅದೇ ಅಳತೆಕೋಲು. ಆದರೆ ಆ ಸೌಟು ಆ ಪಾತ್ರೆಗೆ ಮಾತ್ರ. ಹುಡುಗನ 9 ಲೀಟರನ್ನು ಸೋಸಿದ ಮೇಲೆ ಕುದಿಸಿ 8ಕ್ಕೆ ಇಳಿಸಿದೆವು. ಹುಡುಗಿಯ ಆರೂವರೆಗೆ ಒಂದೂವರೆ ಲೀಟರ್ ಬಿಸಿನೀರು ಸೇರಿಸಿ 8ಕ್ಕೆ ಏರಿಸಿದೆವು. ಎರಡು ಲೋಟದಲ್ಲಿ ಕೊಟ್ಟು ಯಾವುದು ಯಾರದ್ದು ಅಂತ ಕೇಳಿದರೆ ಮ್ಯಾನೇಜರ್‌ಗೆ ಹೇಳಲಾಗಲಿಲ್ಲ. ರಿಜಿಸ್ಟರ್‌ನಲ್ಲಿ ಇಬ್ಬರ ಹೆಸರಿನ ಮುಂದೆಯೂ 8 ಅಂತ ಬಿತ್ತು.

ಆದರೆ ಅಳತೆ ಸರಿಮಾಡಿದ ಮಾತ್ರಕ್ಕೆ ಎಲ್ಲವೂ ಸರಿಹೋಗಲ್ಲ. ಕಾಯಿಸುವಾಗ ಆದ ತಪ್ಪನ್ನು ನೀರು ಹಾಕಿ ತೊಳೆಯಲಾಗದು. ತಣ್ಣೀರಿನಿಂದ ಶುರು ಮಾಡಲು ಕಾರಣ ಇದೆ. ಮೂಳೆಗೆ ಅಂಟಿದ ರಕ್ತ, ಮಾಂಸದ ಪ್ರೋಟೀನ್ ತಣ್ಣೀರಲ್ಲಿ ಕರಗಿ, ನಿಧಾನವಾಗಿ ಬಿಸಿಯಾದಂತೆ ಹೆಪ್ಪುಗಟ್ಟಿ ನೊರೆಯಾಗಿ ಮೇಲೆ ಬರುತ್ತೆ. ಜಾಲರಿ ಸೌಟಲ್ಲಿ ತೆಗೆದು ಹಾಕಬಹುದು. ಆಮೇಲೆ ಉರಿ ಎಷ್ಟಿರಬೇಕು ಅಂದರೆ, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳಬೇಕು. ಥರ್ಮಾಮೀಟರ್ ಇದ್ದರೆ 85ರಿಂದ 95 ಡಿಗ್ರಿ ಸೆಲ್ಸಿಯಸ್. ಸಾರು ಕುದಿಸಿದ ಹಾಗೆ ಕೊತಕೊತ ಕುದಿಸಿದರೆ ಕೊಬ್ಬು ಒಡೆದು ನೀರಿನಲ್ಲಿ ಬೆರೆಯುತ್ತೆ, ಸ್ಟಾಕ್ ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗುತ್ತೆ, ನಾಲಿಗೆಗೆ ಜಿಡ್ಡು ಹತ್ತುತ್ತೆ. ಸೋಸಿದ ಮೇಲೆ ಕುದಿಸುವುದಕ್ಕೆ ಈ ತೊಂದರೆ ಇಲ್ಲ, ಯಾಕಂದ್ರೆ ಅಷ್ಟರಲ್ಲಿ ಕೊಬ್ಬು ತೆಗೆದಾಗಿರುತ್ತೆ. ಕಾಯುವಾಗ ಮೂಳೆ ನೀರಿನಿಂದ ಹೊರಗೆ ತಲೆ ಹಾಕಿದರೆ ಮುಳುಗುವಷ್ಟು ಬಿಸಿನೀರು ಹಾಕಿ. ಹೊರಗೆ ಉಳಿದ ಮೂಳೆ ಏನೂ ಕೊಡಲ್ಲ.

ಈರುಳ್ಳಿ ಅರ್ಧ ಕೆಜಿ, ಕ್ಯಾರೆಟ್ ಕಾಲು ಕೆಜಿ, ಸೆಲರಿ ಕಾಲು ಕೆಜಿ, ಇಷ್ಟನ್ನೂ ಹುರಿಯದೆ ಕೊನೆಯ ಒಂದೂವರೆ ಗಂಟೆಯಲ್ಲಿ ಹಾಕುತ್ತೇವೆ. ನಾಲ್ಕು ಗಂಟೆ ಬೆಂದರೆ ತರಕಾರಿ ಕರಗಿ ಸ್ಟಾಕ್‌ಗೆ ರಾಡಿ ಬಣ್ಣ, ಬೇಯಿಸಿದ ಕೋಸಿನಂಥ ವಾಸನೆ ಬರುತ್ತೆ. ನಮ್ಮಲ್ಲಿ ಸಿಗುವ ಸೆಲರಿ ಬಹುತೇಕ ತೆಳು ದಂಟಿನದು, ಘಾಟು ಜಾಸ್ತಿ. ಎಲೆ ಕಿತ್ತು ದಂಟು ಮಾತ್ರ ಹಾಕಿ. ಪಲಾವ್ ಎಲೆ, ಕಾಳುಮೆಣಸು ಸ್ವಲ್ಪ ಸಾಕು. ಉಪ್ಪು ಮಾತ್ರ ಹಾಕಲೇಬೇಡಿ. ಇವತ್ತು ಸರಿಯಾಗಿರುವ ಉಪ್ಪು ಸ್ಟಾಕ್ ಅರ್ಧಕ್ಕೆ ಇಳಿದಾಗ ದುಪ್ಪಟ್ಟಾಗಿರುತ್ತೆ.

ಉಪ್ಪಿಲ್ಲದ ಸ್ಟಾಕ್ ಬಾಯಿಗೆ ಸಪ್ಪೆ, ಹಾಗಾದರೆ ರುಚಿ ನೋಡೋದು ಹೇಗೆ ಅಂತ ಟ್ರೈನಿಗಳು ಕೇಳ್ತಾರೆ. ಒಂದು ಸಣ್ಣ ಕಪ್‌ಗೆ ಹಾಕಿಕೊಂಡು, ಆ ಕಪ್‌ಗೆ ಮಾತ್ರ ಚಿಟಿಕೆ ಉಪ್ಪು ಹಾಕಿ ನೋಡಿ. ಕೋಳಿ ರುಚಿ ಎದ್ದು ಬಂದರೆ ಸರಿ, ಉಪ್ಪುನೀರಿನ ಹಾಗಿದ್ದರೆ ತೆಳು. ಮರುದಿನ ಫ್ರಿಜ್‌ನಿಂದ ತೆಗೆದಾಗ ಜೆಲ್ಲಿಯಂತೆ ನಡುಗಿದರೆ ಜೆಲಟಿನ್ ಬಂದಿದೆ ಅಂತ ಅರ್ಥ. ಆದರೆ ಈ ಜೆಲ್ಲಿ ಪರೀಕ್ಷೆಯೊಂದನ್ನೇ ನಂಬಬೇಡಿ. ಕೋಳಿ ಕಾಲು ಜಾಸ್ತಿ ಹಾಕಿದರೆ ರುಚಿ ಇಲ್ಲದೆಯೂ ಗಟ್ಟಿಯಾಗುತ್ತೆ.

ಸೋಸಿದ ಸ್ಟಾಕನ್ನು ದೊಡ್ಡ ಪಾತ್ರೆಯಲ್ಲೇ ರಾತ್ರಿಯಿಡೀ ಹೊರಗೆ ಬಿಡುವುದು ಅಪಾಯ. ಮಧ್ಯಭಾಗ ಗಂಟೆಗಟ್ಟಲೆ ಬೆಚ್ಚಗಿರುತ್ತೆ, ಬ್ಯಾಕ್ಟೀರಿಯಾಗೆ ಬೇಕಿರುವುದೂ ಅದೇ. ಸಣ್ಣ ಪಾತ್ರೆಗಳಿಗೆ ಹಂಚಿ, ಸಿಂಕಿನಲ್ಲಿ ಐಸ್ ನೀರಿಗಿಟ್ಟು, ಆಗಾಗ ತಿರುಗಿಸುತ್ತಾ ಎರಡು ಗಂಟೆಯೊಳಗೆ 21 ಡಿಗ್ರಿಗೆ, ಅಲ್ಲಿಂದ ನಾಲ್ಕು ಗಂಟೆಯೊಳಗೆ 5 ಡಿಗ್ರಿಗೆ ಇಳಿಸಿ. ಡಬ್ಬದ ಮೇಲೆ ತಾರೀಖು ಬರೆಯಿರಿ.

ಈಗ ವೆಲೂತೆ. 5 ಲೀಟರ್ ಸಾಸ್ ಬೇಕಾದರೆ ಐದೂವರೆ ಲೀಟರ್ ಸ್ಟಾಕ್, 275 ಗ್ರಾಂ ಬೆಣ್ಣೆ, 275 ಗ್ರಾಂ ಮೈದಾ. ಬೆಣ್ಣೆ ಉಪ್ಪಿಲ್ಲದ್ದೇ ಆಗಬೇಕು, ಬ್ರೆಡ್‌ಗೆ ಹಚ್ಚುವ ಉಪ್ಪು ಬೆಣ್ಣೆ ಹಾಕಿದರೆ ಉಪ್ಪಿನ ಲೆಕ್ಕ ಶುರುವಿನಲ್ಲೇ ಕೆಡುತ್ತೆ. ಬೆಣ್ಣೆ ಕರಗಿಸಿ ಮೈದಾ ಹಾಕಿ, ಸಣ್ಣ ಉರಿಯಲ್ಲಿ ತಿಳಿ ಹೊಂಬಣ್ಣಕ್ಕೆ ಬಂದು ಹುರಿದ ಕಡಲೆಯಂಥ ವಾಸನೆ ಬರುವವರೆಗೆ ಹುರಿಯಿರಿ. ಗಂಟಾಗುವ ಭಯ ಮುದ್ದೆ ತಿರುವಿದವರಿಗೆ ಗೊತ್ತು. ರೂ ಸ್ವಲ್ಪ ಆರಿಸಿ, ಬಿಸಿ ಸ್ಟಾಕನ್ನು ಸ್ವಲ್ಪಸ್ವಲ್ಪವೇ ಹಾಕುತ್ತಾ ವಿಸ್ಕ್‌ನಿಂದ ಕಲಕಿದರೆ ಗಂಟಾಗಲ್ಲ. ಎರಡೂ ಕುದಿಯುವಷ್ಟು ಬಿಸಿಯಿದ್ದಾಗ ಬೆರೆಸಿದರೆ ಹಿಟ್ಟಿನ ಹೊರಪದರ ಥಟ್ಟನೆ ಬೆಂದು ಒಳಗೆ ಒಣ ಹಿಟ್ಟು ಉಳಿಯುತ್ತೆ. ಗಂಟು ಅಂದರೆ ಅದೇ.

ಒಂದು ಕುದಿ ಬರುವ ತನಕ ಸಾಸ್ ಪೂರ್ತಿ ಗಟ್ಟಿಯಾಗುವುದಿಲ್ಲ. ಅದಕ್ಕೆ ಮುಂಚೆಯೇ "ತೆಳುವಾಯ್ತು ಚೆಫ್" ಅಂತ ಇನ್ನಷ್ಟು ರೂ ಹಾಕುವವರು ಬಹಳ. ಹಾಕಬೇಡಿ. ಸಣ್ಣ ಉರಿಯಲ್ಲಿ ಕನಿಷ್ಠ ಅರ್ಧ ಗಂಟೆ ಕಾಯಲಿ, ಹಸಿ ಹಿಟ್ಟಿನ ರುಚಿ ಹೋಗಲಿ, ತಳ ಹಿಡಿಯದಂತೆ ಕೆದಕುತ್ತಿರಿ. ಆಮೇಲೆ ಚಮಚ ಅದ್ದಿ, ಅದರ ಬೆನ್ನಿನ ಮೇಲೆ ಬೆರಳಲ್ಲಿ ಗೆರೆ ಎಳೆಯಿರಿ. ಗೆರೆ ಹಾಗೇ ನಿಂತರೆ ಸರಿ. ಬಿಸಿಯಾಗಿರುವಾಗಲೇ ನೋಡಿ, ಯಾಕಂದ್ರೆ ಆರಿದ ಸಾಸ್ ಎಲ್ಲವೂ ಗಟ್ಟಿಯೇ. ಸೋಸಿ ಅಳೆದರೆ 5 ಲೀಟರ್ ಇರಬೇಕು.

ತಟ್ಟೆಗೆ 80 ಎಂಎಲ್ ಲೆಕ್ಕದಲ್ಲಿ 5 ಲೀಟರ್ ಅಂದರೆ 62 ತಟ್ಟೆ. ಅರ್ಧ ಲೀಟರ್ ಜಾಸ್ತಿ ಇಂಗಿಸಿದರೆ 56. ಶನಿವಾರ ರಾತ್ರಿ ಆ ಆರು ತಟ್ಟೆಗೆ ಸಾಸ್ ಸಾಲದೆ ಯಾರೋ ನಲ್ಲಿ ತಿರುಗಿಸಿ ಒಂದು ಲೋಟ ನೀರು ಬೆರೆಸುತ್ತಾರೆ. ನಮ್ಮ ಓದುಗರಿಗೆ ಸಿಕ್ಕಿದ್ದು ಬಹುಶಃ ಆ ತಟ್ಟೆ. ಸರ್ವಿಸ್ ಹೊತ್ತಿನಲ್ಲಿ ಬಿಸಿನೀರಿನ ತೊಟ್ಟಿಯಲ್ಲಿ ಕೂತ ಸಾಸ್ ತಾನಾಗಿಯೇ ಗಟ್ಟಿಯಾಗುತ್ತಾ ಹೋಗುತ್ತೆ, ಆಗ ಸಡಿಲ ಮಾಡಬೇಕಾದ್ದು ಬಿಸಿ ಸ್ಟಾಕ್‌ನಿಂದ. ಅದಕ್ಕೇ ಒಂದು ಲೀಟರ್ ಸ್ಟಾಕ್ ಎತ್ತಿಟ್ಟಿರಬೇಕು. ಅದರ ಡಬ್ಬದ ಮೇಲೆ "ಸಡಿಲಕ್ಕೆ ಮಾತ್ರ" ಅಂತ ಬರೆದು ಅಂಟಿಸಿರುವುದು ಆ ಧಾರವಾಡದ ಹುಡುಗಿಯೇ.