ಹೊಣೆ ಐವರ ಕಡೆಗೆ, ದೂರಿನ ಹಕ್ಕು ಷೇರುದಾರರಿಗೆ

ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹಳೆಯ ಕೇಂದ್ರ ಕಾಯ್ದೆಯ ಪ್ರಕಾರ 100 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಮುಚ್ಚಲು ಸರ್ಕಾರದ ಪೂರ್ವಾನುಮತಿ ಬೇಕಿತ್ತು. ಆ ಮಿತಿ ಈಗ 300ಕ್ಕೆ ಏರಿದೆ. ಕಾರ್ಮಿಕ ಕಾನೂನಿನ ವಿಚಾರವಾಗಿ ಇದರ ಚರ್ಚೆ ಸಾಕಷ್ಟು ನಡೆದಿದೆ. ಕಂಪನಿ ಕಾನೂನಿನ ಮೇಲೆ ಇದು ಹೊರಿಸಿರುವ ಭಾರದ ಕಡೆಗೆ ಮಾತ್ರ ಯಾರ ಗಮನವೂ ಹರಿದಂತಿಲ್ಲ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಷೇರುಪೇಟೆಯಲ್ಲಿರುವ ಒಂದು ಕಂಪನಿಗೆ ತುಮಕೂರಿನಲ್ಲಿ 250 ಕಾರ್ಮಿಕರ ಘಟಕವಿದೆ. ಘಟಕಕ್ಕೆ ನಷ್ಟವಿಲ್ಲ, ಆದರೆ ಲಾಭ ತೆಳು. ಅದನ್ನು ಮುಚ್ಚಿ, ಜಾಗ ಮಾರಿ, ಬಂದ ಹಣದಲ್ಲಿ ಷೇರುಗಳನ್ನು ಮರುಖರೀದಿ ಮಾಡಬೇಕೆಂದು ದೊಡ್ಡ ಹೂಡಿಕೆದಾರರು ಒತ್ತಾಯಿಸುತ್ತಾರೆ. ಹಿಂದಾಗಿದ್ದರೆ ಸರ್ಕಾರದ ಅನುಮತಿಯ ಹಂತದಲ್ಲಿ ಕಾರ್ಮಿಕರ ಮಾತಿಗೂ ಜಾಗವಿರುತ್ತಿತ್ತು. ಈಗ 60 ದಿನಗಳ ನೋಟಿಸ್ ಕೊಟ್ಟು, ದುಡಿದ ಪ್ರತಿ ವರ್ಷಕ್ಕೆ 15 ದಿನಗಳ ವೇತನದ ಲೆಕ್ಕದಲ್ಲಿ ಪರಿಹಾರ ಕೊಟ್ಟರೆ ಮುಗಿಯಿತು. ಮುಚ್ಚಬೇಕೇ ಬೇಡವೇ ಎಂಬುದನ್ನು ತೂಗಿ ನೋಡುವ ಜಾಗ ಇನ್ನು ನಿರ್ದೇಶಕ ಮಂಡಳಿಯ ಸಭೆಯೊಂದೇ.

ಆ ಸಭೆ ಯಾರ ಹಿತ ಕಾಯಬೇಕು? ಷೇರುದಾರರೇ ಮೊದಲು ಎನ್ನುವವರ ವಾದದಲ್ಲಿ ಹುರುಳಿದೆ. ಹತ್ತು ಜನರಿಗೆ ಉತ್ತರಿಸಬೇಕಾದ ನಿರ್ದೇಶಕರು ಕೊನೆಗೆ ಯಾರಿಗೂ ಉತ್ತರಿಸದೆ ಜಾರಿಕೊಳ್ಳಬಹುದು. ಲಾಭವೆಂಬ ಒಂದೇ ಅಳತೆಗೋಲಿದ್ದರೆ ಅವರನ್ನು ಹಿಡಿದು ಕೇಳುವುದು ಸುಲಭ. ಹಿತಾಸಕ್ತರ ಸಿದ್ಧಾಂತದವರ ಉತ್ತರವೂ ಹಗುರವಲ್ಲ. ಷೇರುದಾರ ಬೆಳಿಗ್ಗೆ ಷೇರು ಮಾರಿ ಹೊರನಡೆಯಬಲ್ಲ. ಇಪ್ಪತ್ತು ವರ್ಷ ಒಂದೇ ಯಂತ್ರದ ಮುಂದೆ ನಿಂತವನಿಗೆ ಆ ದಾರಿ ಇಲ್ಲ, ಕಂಪನಿಯ ಅಪಾಯದಲ್ಲಿ ಅವನ ಪಾಲೂ ಇದೆ.

ಭಾರತದ ಸಂಸತ್ತು ಕಾಗದದ ಮೇಲೆ ಎರಡನೆಯ ದಾರಿ ಹಿಡಿಯಿತು. 2013ರ ಕಂಪನಿ ಕಾಯ್ದೆಯ 166(2)ನೇ ಕಲಮು ಕಂಪನಿ, ಅದರ ನೌಕರರು, ಷೇರುದಾರರು, ಸಮುದಾಯ ಮತ್ತು ಪರಿಸರದ ರಕ್ಷಣೆಯನ್ನು ಒಂದೇ ಸಾಲಿನಲ್ಲಿಟ್ಟಿದೆ. ಬ್ರಿಟನ್ನಿನ 2006ರ ಕಾಯ್ದೆ ಇಷ್ಟು ದೂರ ಹೋಗಿಲ್ಲ. ಅಲ್ಲಿ ಗುರಿ ಷೇರುದಾರರ ಹಿತವೇ, ಉಳಿದವರನ್ನು ಗಣನೆಗೆ ತೆಗೆದುಕೊಂಡರೆ ಸಾಕು.

ತೊಡಕಿರುವುದು ಮುಂದಿನ ಹೆಜ್ಜೆಯಲ್ಲಿ. ತುಮಕೂರಿನ ಕಾರ್ಮಿಕರು ಈ ಕಲಮು ಹಿಡಿದು ಹೊರಟರೆ ಎಲ್ಲಿಗೆ ಹೋಗಬೇಕು? ಉಲ್ಲಂಘನೆಗೆ 1ರಿಂದ 5 ಲಕ್ಷ ರೂಪಾಯಿ ದಂಡವಿದೆ. ಆದರೆ 439ನೇ ಕಲಮಿನಂತೆ ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಳ್ಳಲು ಕಂಪನಿಗಳ ರಿಜಿಸ್ಟ್ರಾರ್, ಷೇರುದಾರ ಅಥವಾ ಸದಸ್ಯ, ಇಲ್ಲವೇ ಕೇಂದ್ರ ಸರ್ಕಾರ ಅಧಿಕಾರ ಕೊಟ್ಟ ವ್ಯಕ್ತಿ ದೂರು ಕೊಡಬೇಕು. 245ನೇ ಕಲಮಿನ ಸಾಮೂಹಿಕ ದಾವೆಯ ಹಕ್ಕಿರುವುದು ಸದಸ್ಯರಿಗೆ ಮತ್ತು ಠೇವಣಿದಾರರಿಗೆ. ಕೈಗಾರಿಕಾ ನ್ಯಾಯಮಂಡಳಿ ಪರಿಹಾರದ ಮೊತ್ತ ನೋಡೀತು, ಹಸಿರು ನ್ಯಾಯಮಂಡಳಿ ಮಾಲಿನ್ಯ ನೋಡೀತು. ನಿರ್ದೇಶಕ ಮಂಡಳಿ ಆ ದಿನ ಯಾರ ಹಿತವನ್ನು ತೂಗಿತು, ಯಾರದನ್ನು ಬಿಟ್ಟಿತು ಎಂಬ ಪ್ರಶ್ನೆ ಎರಡರ ಮುಂದೆಯೂ ಬರುವುದಿಲ್ಲ.

ಹೊರಗಿನ ಕಾವಲು ಬಿಗಿಯಾಗಿದ್ದಷ್ಟು ದಿನ ಈ ಕೊರತೆ ಅಷ್ಟಾಗಿ ತಟ್ಟಲಿಲ್ಲ. ಈಗ ಕಾವಲು ಸಡಿಲವಾಗಿದೆ, ಕೊರತೆ ಹಾಗೇ ಇದೆ. ಹೀಗೇ ಬಿಟ್ಟರೆ ಮಂಡಳಿಗಳಿಗೆ ಎರಡೂ ಕಡೆಯಿಂದ ರಕ್ಷಣೆ ಸಿಗುತ್ತದೆ. ಲಾಭ ಏಕೆ ಕುಸಿಯಿತೆಂದು ಹೂಡಿಕೆದಾರ ಕೇಳಿದರೆ ಕಾರ್ಮಿಕರನ್ನು ತೋರಿಸಬಹುದು. ಕೆಲಸ ಏಕೆ ಹೋಯಿತೆಂದು ಕಾರ್ಮಿಕ ಕೇಳಿದರೆ ಉತ್ತರಿಸುವ ಅಗತ್ಯವೇ ಇಲ್ಲ.

ಅಪಾಯ ಹತ್ತಿರವಾಗಿದೆಯೇ ಎಂದು ತಿಳಿಯಲು ಮೂರು ಕಡೆ ನೋಡಬೇಕು. ಘಟಕ ಮುಚ್ಚುವ ನಿರ್ಣಯವೂ ಷೇರು ಮರುಖರೀದಿಯ ನಿರ್ಣಯವೂ ಕೆಲವೇ ತಿಂಗಳ ಅಂತರದಲ್ಲಿ ಬರುತ್ತಿವೆಯೇ? ಆಡಳಿತ ನಿರ್ದೇಶಕರ ಪ್ರೋತ್ಸಾಹಧನ ಷೇರು ಬೆಲೆಯೊಂದಕ್ಕೇ ಕಟ್ಟಿಬಿದ್ದಿದೆಯೇ? ಸೆಬಿ ಅತಿದೊಡ್ಡ 1,000 ಕಂಪನಿಗಳಿಂದ ಕೇಳುವ ಸುಸ್ಥಿರತೆಯ ವರದಿಯಲ್ಲಿ ನೌಕರರ ಬಗ್ಗೆ ಪುಟಗಟ್ಟಲೆ ಬರೆದ ಕಂಪನಿಯೇ ಘಟಕ ಮುಚ್ಚುವಾಗ ಕಾರಣವನ್ನು ಒಂದು ಸಾಲಿನಲ್ಲಿ ಮುಗಿಸುತ್ತಿದೆಯೇ?

ಈ ಕೊರತೆ ನೀಗಲು ಕಾರ್ಮಿಕರಿಗೆ ಮಂಡಳಿಯ ತೀರ್ಮಾನವನ್ನೇ ರದ್ದುಮಾಡಿಸುವ ಅಧಿಕಾರ ಕೊಡಬೇಕಿಲ್ಲ. ಹಾಗೆ ಮಾಡಿದರೆ ಪ್ರತಿ ವ್ಯಾಪಾರ ನಿರ್ಧಾರವೂ ಕೋರ್ಟಿನ ಮೆಟ್ಟಿಲೇರುತ್ತದೆ. ನೂರಕ್ಕಿಂತ ಹೆಚ್ಚು ಜನರ ಕೆಲಸ ಹೋಗುವ ನಿರ್ಣಯವಾದರೆ, ಐವರ ಹಿತವನ್ನೂ ಹೇಗೆ ತೂಗಲಾಯಿತೆಂದು ನಿರ್ದೇಶಕರು ಸಭೆಯ ನಡಾವಳಿಯಲ್ಲಿ ಕಾರಣ ಸಹಿತ ಬರೆಯಲಿ. ಬರೆಯದಿದ್ದಾಗ ದೂರು ಕೊಡಲು ನೋಂದಾಯಿತ ಕಾರ್ಮಿಕ ಸಂಘಕ್ಕೂ 439ನೇ ಕಲಮಿನಲ್ಲಿ ಅವಕಾಶವಿರಲಿ. ತೀರ್ಮಾನ ಸರಿಯೇ ಎಂದು ನ್ಯಾಯಾಲಯ ಕೇಳಬೇಕಾಗಿಲ್ಲ, ತೂಗಿ ನೋಡಿದರೇ ಎಂದು ಕೇಳಿದರೆ ಸಾಕು. ಇದಕ್ಕೂ ಸಂಸತ್ತು ಸಿದ್ಧವಿಲ್ಲದಿದ್ದರೆ, ನಮ್ಮಲ್ಲಿ ಷೇರುದಾರರೇ ಮೊದಲು ಎಂದು ಕಾಯ್ದೆಯಲ್ಲಿ ನೇರವಾಗಿ ಬರೆದುಬಿಡಲಿ. ಆಗ ಕಾರ್ಮಿಕ ಸಂಘಗಳು ತಮ್ಮ ರಕ್ಷಣೆಯನ್ನು ಕಂಪನಿ ಕಾಯ್ದೆಯಲ್ಲಿ ಹುಡುಕುವುದನ್ನು ಬಿಟ್ಟು, 300ರ ಮಿತಿಯನ್ನು ಮತ್ತೆ ಇಳಿಸಿ ಎಂದು ಕೇಳಲಾದರೂ ಆದೀತು.