ಆ್ಯಪ್ ಹೋಯಿತು, ಮಾಹಿತಿ ಹೋಯಿತೇ?

ಮಕ್ಕಳ ಕಲಿಕಾ ಆ್ಯಪನ್ನು ಮೊಬೈಲಿನಿಂದ ತೆಗೆದರೆ ಎಲ್ಲ ಮುಗಿಯಿತೆಂದು ಬಹಳ ಮನೆಗಳಲ್ಲಿ ನಂಬಿಕೆ. ಹೋಗುವುದು ಆ್ಯಪ್ ಮಾತ್ರ, ಖಾತೆ ಕಂಪನಿಯ ಬಳಿಯೇ ಉಳಿಯುತ್ತದೆ. ನಾಲ್ಕನೇ ತರಗತಿಯ ನನ್ನ ತಮ್ಮನ ಹೆಸರು, ಕ್ವಿಜ್ ಅಂಕ, ಅಪ್ಪನ ಫೋನ್ ನಂಬರ್ ಎಲ್ಲವೂ ಅಲ್ಲಿದ್ದವು. ಆ್ಯಪ್ ತೆಗೆದ ಮೇಲೂ ಕೋರ್ಸ್ ಮಾರುವವರ ಕರೆ ನಿಂತಿರಲಿಲ್ಲ!

ನಾನು ಮೊದಲು ಪ್ಲೇ ಸ್ಟೋರ್‌ನಲ್ಲಿ ಚಂದಾ ರದ್ದು ಮಾಡಿದೆ. ಆ್ಯಪ್ ತೆಗೆದರೂ ಅದು ತಾನಾಗಿ ನಿಲ್ಲದು, ಹಣ ಕಡಿತವಾಗುತ್ತಲೇ ಇರುತ್ತದೆ. ಆಮೇಲೆ ಖಾತೆಯ ಸರದಿ. ಖಾತೆ ತೆರೆಸುವ ಆ್ಯಪ್‌ಗಳು ಅದನ್ನು ಅಳಿಸುವ ದಾರಿಯನ್ನೂ ಕೊಡಬೇಕೆಂಬುದು ಗೂಗಲ್ ನಿಯಮ. ಆ್ಯಪ್ ಆಗಲೇ ತೆಗೆದಿದ್ದರೆ ಪ್ಲೇ ಸ್ಟೋರ್‌ನ ಅದರ ಪುಟದಲ್ಲಿ Data safety ಒಳಗೆ ಕೊಂಡಿ ಹುಡುಕಬೇಕು. ಕೆಲವು ಕಂಪನಿಗಳು ಕೆಲ ದಿನ ಕಾದು ಅಳಿಸುತ್ತವೆ. ಆ ನಡುವೆ ಮಗು ಲಾಗಿನ್ ಆದರೆ ಕೋರಿಕೆಯೇ ರದ್ದಾಗಬಹುದು. ಹಾಗಾಗಿ ತಮ್ಮನ ಟ್ಯಾಬ್‌ನಿಂದಲೂ ಆ್ಯಪ್ ತೆಗೆದೆ.

ಸೇರಲು ಒಂದು ಒಟಿಪಿ ಸಾಕಾಗಿತ್ತು. ಬಿಡಲು ಮೂರು ಇ-ಮೇಲ್ ಬರೆಯಬೇಕಾಯಿತು. ಒಪ್ಪಿಗೆ ಹಿಂಪಡೆಯುವುದು ಕೊಟ್ಟಷ್ಟೇ ಸುಲಭವಾಗಿರಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಹಾಗಿದ್ದಮೇಲೆ ಅಳಿಸಲೂ ಒಂದು ಒಟಿಪಿ ಸಾಲದೇ?