ಮೂವರು ತಿದ್ದಿದ ಒಂದು ವಾಕ್ಯ

ಬರೆದದ್ದನ್ನು ಮೂವರಿಗೆ ತೋರಿಸಿ, ಅವರು ಮೂರು ದಿಕ್ಕಿಗೆ ಎಳೆದರೆ ಎಲ್ಲರದ್ದೂ ಸ್ವಲ್ಪ ಸ್ವಲ್ಪ ಸೇರಿಸಿಬಿಡಿ ಎಂಬ ಸಲಹೆ ಈಗ ಎಲ್ಲೆಡೆ ಕೇಳಿಬರುತ್ತದೆ. ಯಾರ ಮನಸ್ಸೂ ನೋಯುವುದಿಲ್ಲ, ನಿಜ. ಆದರೆ ಬರಹ ಕೆಡುತ್ತದೆ. ಬಹುಮತ ನೋಡಿ ತೀರ್ಮಾನಿಸಿ ಎನ್ನುವವರಿಗೆ ಹೇಳುವುದಿಷ್ಟೇ: ವಾಕ್ಯ ಚುನಾವಣೆಗೆ ನಿಂತಿಲ್ಲ.

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ದಾರಿಯಲ್ಲಿ, ಬಿಳಿಗಿರಿರಂಗನ ಬೆಟ್ಟದ ಕಾಡಿನಂಚಿನಲ್ಲಿದೆ ಪುಣಜನೂರು. ಅದರ ಸುತ್ತಲಿನ ಪೋಡೊಂದರಲ್ಲಿ ಬೆಳೆದ ಸೋಲಿಗ ಯುವತಿಯೊಬ್ಬಳು ಕಾಡಿನ ಅಧ್ಯಯನದಲ್ಲಿ ಕೆಲಸ ಮಾಡುತ್ತಾಳೆ ಎನ್ನಿ. ಜಿಲ್ಲಾ ಕೇಂದ್ರದ ವಿಚಾರಸಂಕಿರಣದಲ್ಲಿ ಮಾತನಾಡಲು ಅವಳಿಗೆ ಕರೆ ಬಂದಿದೆ. ವೇದಿಕೆಯಲ್ಲಿ ಓದಲು ನಾಲ್ಕು ಸಾಲಿನ ಪರಿಚಯ ಕಳುಹಿಸಬೇಕು. ಅವಳ ಕರಡಿನ ಮೊದಲ ವಾಕ್ಯ ಹೀಗಿದೆ: ‘ಪುಣಜನೂರಿನ ಸೋಲಿಗ ಕುಟುಂಬದಲ್ಲಿ ಹುಟ್ಟಿದ ಇವರು ಹಲವು ವರ್ಷಗಳಿಂದ ಕಾಡಿನ ರಕ್ಷಣೆಗೆ ಶ್ರಮಿಸುತ್ತಿದ್ದಾರೆ.’

ಹಿರಿಯ ಸಹೋದ್ಯೋಗಿ ಹೇಳುತ್ತಾರೆ: ‘ಸೋಲಿಗರ ಮೊದಲ ಪದವೀಧರೆ ಅಂತ ಹಾಕಮ್ಮ, ಸಭೆ ಕಿವಿಗೊಡುತ್ತದೆ.’ ಎರಡನೆಯವರು, ‘ಜಾತಿ ಬುಡಕಟ್ಟು ಏನೂ ಬೇಡ, ಕೆಲಸ ಮಾತ್ರ ಇರಲಿ’ ಎನ್ನುತ್ತಾರೆ. ಮೂರನೆಯವರಿಗೆ ಎಂ.ಎಸ್‌ಸಿ., ತರಬೇತಿ, ಪ್ರಮಾಣಪತ್ರಗಳೆಲ್ಲ ಬೇಕು.

ಮೊದಲಿಗೆ, ನಿಜವೋ ಸುಳ್ಳೋ ಎಂಬುದು ಅಭಿರುಚಿಯ ಪ್ರಶ್ನೆಯಲ್ಲ. ಸೋಲಿಗರಲ್ಲಿ ಪಿಎಚ್.ಡಿ. ಪಡೆದವರೇ ಇದ್ದಾರೆ. ಆದ್ದರಿಂದ ‘ಮೊದಲ ಪದವೀಧರೆ’ ನಿಲ್ಲುವ ಮಾತಲ್ಲ. ಎಷ್ಟೇ ಹಿರಿಯರು ಹೇಳಿದರೂ ಅದು ಹೋಗಬೇಕು. ಮೂರನೆಯವರ ಪಟ್ಟಿಯಲ್ಲಿ ತಪ್ಪಿಲ್ಲ, ಆದರೆ ಅವರ ಕಣ್ಣ ಮುಂದಿರುವುದು ನೌಕರಿಯ ಅರ್ಜಿ. ನಿರೂಪಕರು ಅರ್ಧ ನಿಮಿಷದಲ್ಲಿ ಓದಿ ಮುಗಿಸಬೇಕಾದ್ದಕ್ಕೆ ಐವತ್ತು ಪದ ಸಾಕು. ‘ಇದನ್ನು ಯಾರು ಕೇಳುತ್ತಾರೆ ಎಂದುಕೊಂಡು ತಿದ್ದಿದಿರಿ?’ ಎಂದು ಒಮ್ಮೆ ಕೇಳಿದರೆ ಇಂಥ ಜಗಳ ಅರ್ಧ ಅಲ್ಲೇ ಕರಗುತ್ತದೆ.

ಎರಡನೆಯವರ ಮಾತು ಹಾಗೆ ತಳ್ಳಿಹಾಕುವಂಥದ್ದಲ್ಲ. ಅದೇ ವೇದಿಕೆಗೆ ಮೈಸೂರಿನಿಂದ ಬರುವ ಪ್ರಾಧ್ಯಾಪಕರ ಪರಿಚಯದಲ್ಲಿ ಅವರ ಜಾತಿ ಇರುವುದಿಲ್ಲ, ಅವರ ಸಂಶೋಧನೆ ಇರುತ್ತದೆ. ಸೋಲಿಗ ಹುಡುಗಿಯ ಪರಿಚಯದಲ್ಲಿ ಮಾತ್ರ ಹುಟ್ಟು ಮೊದಲು, ದುಡಿಮೆ ಆಮೇಲೆ! ಅವಳು ಕಂಡುಕೊಂಡದ್ದನ್ನು ಕೇಳಲು ಕರೆದವರು ಅವಳು ಯಾರೆಂಬುದನ್ನಷ್ಟೇ ಚಪ್ಪಾಳೆ ತಟ್ಟಿ ಕಳುಹಿಸಿದರೆ ಅದು ಗೌರವವಲ್ಲ, ಅವಮಾನ. ಈ ಸಿಟ್ಟಿಗೆ ಪೂರ್ತಿ ಕಾರಣವಿದೆ.

ಆದರೂ ಅವರ ಪರಿಹಾರ ನನಗೆ ಒಪ್ಪಿಗೆಯಿಲ್ಲ. ಮೂವರೂ ಕೈ ಹಾಕಿದ್ದು ಒಂದೇ ವಾಕ್ಯಕ್ಕೆ ಎಂಬುದನ್ನು ಗಮನಿಸಿ. ಮದ್ದು ಬೇರೆ ಬೇರೆ, ನೋವಿನ ಜಾಗ ಒಂದೇ. ‘ಕಾಡಿನ ರಕ್ಷಣೆಗೆ ಶ್ರಮಿಸುತ್ತಿದ್ದಾರೆ’ ಎಂಬುದು ಅರಣ್ಯ ಸಚಿವರಿಗೂ ಒಪ್ಪುವ, ಸಸಿ ನೆಟ್ಟು ಫೋಟೊ ತೆಗೆಸಿಕೊಂಡವರಿಗೂ ಒಪ್ಪುವ ಮಾತು. ಕೆಲಸ ಏನೆಂದು ಹೇಳದ ಕಾರಣ ‘ಸೋಲಿಗ’ ಎಂಬುದು ಅಲ್ಲಿ ಬರೀ ಅಲಂಕಾರವಾಗಿ ನಿಂತಿದೆ. ಒಬ್ಬರಿಗೆ ಅದನ್ನು ಹಿಗ್ಗಿಸಬೇಕು ಅನ್ನಿಸಿತು, ಒಬ್ಬರಿಗೆ ಕಿತ್ತುಹಾಕಬೇಕು ಅನ್ನಿಸಿತು, ಇನ್ನೊಬ್ಬರು ಖಾಲಿ ಜಾಗಕ್ಕೆ ಪದವಿಗಳನ್ನು ತಂದು ತುಂಬಿದರು.

ಕೆಲಸವನ್ನೇ ಬರೆಯಲಿ. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ವನ್ಯಧಾಮವಾಯಿತು. ಸೋಲಿಗರು ಬೇಸಿಗೆಗೆ ಮುಂಚೆ ಹಾಕುತ್ತಿದ್ದ ತರಗು ಬೆಂಕಿ ನಿಂತಿತು. ಲಂಟಾನ ಹಬ್ಬಿದ್ದು, ನೆಲ್ಲಿ ಮರಗಳಿಗೆ ಉಪ್ಪಿಲು, ಅಂದರೆ ಬಂದಳಿಕೆ, ಹತ್ತಿದ್ದು ಇದರಿಂದಲೇ ಎಂದು ಪೋಡಿನ ಹಿರಿಯರು ಹೇಳುತ್ತಾರೆ. ಅವಳು ಮಾಡುತ್ತಿರುವುದು ಆ ಹಿರಿಯರ ಜೊತೆ ನಡೆದು, ಉಪ್ಪಿಲು ಹತ್ತಿದ ಮರ ಎಷ್ಟು, ಹೊಸ ಸಸಿ ಎಷ್ಟು ಎಂದು ಲೆಕ್ಕ ಬರೆಯುವ ಕೆಲಸ. ಆಗ ವಾಕ್ಯ ಹೀಗಾಗುತ್ತದೆ: ‘ಪುಣಜನೂರು ಕಾಡಿನ ನೆಲ್ಲಿ ಮರಗಳ ಮೇಲೆ ಲಂಟಾನ, ಉಪ್ಪಿಲುಗಳ ಪರಿಣಾಮವನ್ನು ಇವರು ದಾಖಲಿಸುತ್ತಿದ್ದಾರೆ. ಸ್ವತಃ ಸೋಲಿಗರಾದ ಇವರು ತಮ್ಮ ಪೋಡಿನ ಹಿರಿಯರ ತಿಳಿವಳಿಕೆಯನ್ನು ಅಧ್ಯಯನಕ್ಕೆ ಆಧಾರ ಮಾಡಿಕೊಂಡಿದ್ದಾರೆ.’

ಈಗ ‘ಸೋಲಿಗ’ ಎಂಬ ಹೆಸರನ್ನು ತೆಗೆದರೆ ಅಧ್ಯಯನದ ಆಧಾರದ ಒಂದು ಭಾಗವೇ ಹೋಗುತ್ತದೆ. ಪ್ರಶ್ನೆ ಸರಿಯಾಗಿದ್ದರೂ ಎರಡನೆಯವರ ಉತ್ತರವನ್ನು ಕೈಬಿಡಲು ಇದೇ ಕಾರಣ. ಹಿರಿಯ ಸಹೋದ್ಯೋಗಿಯ ಮಾತಿನಲ್ಲಿ ಉಳಿದದ್ದು ಸಭೆ ಕಿವಿಗೊಡಬೇಕೆಂಬ ಕಾಳಜಿ. ಅದನ್ನು ಉಪ್ಪಿಲೇ ಈಡೇರಿಸುತ್ತದೆ. ಎಂ.ಎಸ್‌ಸಿ. ಬೇಕೆಂದರೆ ಕೊನೆಯಲ್ಲಿ ಒಂದು ಪದವಾಗಿ ಇರಲಿ.

ಇಷ್ಟಾದ ಮೇಲೂ ‘ಸೋಲಿಗ’ ಎಂಬ ಹೆಸರು ಇರಬೇಕೇ ಬೇಡವೇ ಎಂಬುದರಲ್ಲಿ ಕೊನೆಯ ಮಾತು ಅವಳದ್ದೇ. ನನ್ನ ವಾದವೂ ಅಲ್ಲಿ ಒಂದು ಸಲಹೆ, ಅಷ್ಟೇ. ಭಾಷೆಯನ್ನು ಯಾರು ಬೇಕಾದರೂ ತಿದ್ದಬಹುದು. ತನ್ನನ್ನು ಏನೆಂದು ಕರೆಯಬೇಕು ಎಂಬುದನ್ನು ಸಹೋದ್ಯೋಗಿಗಳು ನಿರ್ಧರಿಸುವಂತಿಲ್ಲ.

ಇನ್ನು ಬೇರೆಯವರ ಕರಡು ತಿದ್ದುವವರಲ್ಲಿ ಒಂದು ಕೋರಿಕೆ. ‘ಹೀಗೆ ಬರೆಯಿರಿ’ ಎನ್ನುವ ಮೊದಲು ಓದುವಾಗ ಎಲ್ಲಿ ಎಡವಿದಿರಿ ಎಂದು ತಿಳಿಸಿ. ಬರೆದವರಿಗೆ ನಿಮ್ಮಿಂದ ಹೆಚ್ಚು ಬೇಕಾಗಿರುವುದು ಅದು.